ಎಚ್‌ಬಿಎ1ಸಿ 6.1, ಫಾಸ್ಟಿಂಗ್ 94: ಯಾವುದನ್ನು ನಂಬೋದು?

38 ವರ್ಷದ ಒಬ್ಬ ಹೆಂಗಸಿನ ರಿಪೋರ್ಟ್ ಹೀಗಿದೆ ಅಂದುಕೊಳ್ಳಿ. ಫಾಸ್ಟಿಂಗ್ ಶುಗರ್ 94. ಎಚ್‌ಬಿಎ1ಸಿ 6.1. ಹಿಮೋಗ್ಲೋಬಿನ್ 9.2. ಮೊದಲನೆಯದು ನಾರ್ಮಲ್, ಯಾಕಂದ್ರೆ ಡಯಾಬಿಟಿಸ್‌ನ ಬಾರ್ಡರ್‌ಲೈನ್ ಶುರುವಾಗೋದು 100ರಿಂದ. ಎರಡನೆಯದು ಬಾರ್ಡರ್‌ಲೈನ್, ಅಂದರೆ 5.7ರಿಂದ 6.4ರ ಒಳಗಿನದು. ಮೂರನೆಯದು ಕಡಿಮೆ, ಅಂದರೆ ರಕ್ತಹೀನತೆ, ಆದರೆ ಅದನ್ನು ಮನೆಯಲ್ಲಿ ಯಾರೂ ನೋಡುವುದೇ ಇಲ್ಲ. ಎಲ್ಲರೂ 6.1 ಹಿಡಿದುಕೊಂಡು ಹಾಗಲಕಾಯಿ ರಸ ಹುಡುಕಲು ಹೊರಡುತ್ತಾರೆ!

ಎಚ್‌ಬಿಎ1ಸಿ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅಷ್ಟು ದಿನವೂ ಅವುಗಳೊಳಗಿನ ಹಿಮೋಗ್ಲೋಬಿನ್‌ಗೆ ಗ್ಲೂಕೋಸ್ ನಿಧಾನವಾಗಿ ಅಂಟುತ್ತಾ ಹೋಗುತ್ತದೆ, ಹಳೆಯ ಅಂಗಿಗೆ ಕೊಳೆ ಹತ್ತಿದ ಹಾಗೆ. ಎಷ್ಟು ಅಂಟಿದೆ ಅಂತ ನೋಡಿ, ಕಳೆದ ಎರಡು ಮೂರು ತಿಂಗಳ ಸಕ್ಕರೆಯನ್ನು ಅಂದಾಜು ಮಾಡುತ್ತಾರೆ. ಮಧುಮೇಹಿಗಳ ರಕ್ತದಲ್ಲಿ ಈ ಬೇರೆ ಥರದ ಹಿಮೋಗ್ಲೋಬಿನ್ ಇರುವುದನ್ನು 1968ರಲ್ಲಿ ಗುರುತಿಸಿದ್ದು ಟೆಹರಾನಿನ ಸ್ಯಾಮ್ಯುಯಲ್ ರಹಬರ್. ಪರೀಕ್ಷೆಯ ಹಿಂದಿನ ಎರಡು ದಿನ ಸಿಹಿ ಬಿಟ್ಟು ಇದನ್ನು ಏಮಾರಿಸೋಕೆ ಆಗಲ್ಲ.

ಆದರೆ ಕಣಗಳ ಸರಾಸರಿ ವಯಸ್ಸೇ ಬದಲಾದರೆ? ಕಬ್ಬಿಣದ ಕೊರತೆಯಿದ್ದಾಗ ಹೊಸ ಕಣಗಳ ತಯಾರಿ ಕುಂಠಿತವಾಗಿ, ಹಳೆಯವೇ ಜಾಸ್ತಿ ಉಳಿಯುತ್ತವೆ, ಅವಕ್ಕೆ ಗ್ಲೂಕೋಸ್ ಹೆಚ್ಚು ಅಂಟಿರುತ್ತದೆ ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಸಕ್ಕರೆ ಸರಿಯಿದ್ದರೂ ಎಚ್‌ಬಿಎ1ಸಿ ಏರಬಹುದು. ರಕ್ತ ಹೋದಾಗ, ಕಣಗಳು ಬೇಗ ಒಡೆಯುವಾಗ ಉಲ್ಟಾ: ಸಂಖ್ಯೆ ಸುಳ್ಳೇ ಇಳಿದು, ಇರುವ ತೊಂದರೆಯೇ ಮರೆಯಾಗುತ್ತದೆ.

ಹಾಗಾಗಿ ಈಕೆಗೆ ಸಾಮಾನ್ಯವಾಗಿ ಹೇಳುವುದು ಎರಡು ಪರೀಕ್ಷೆ. ಒಂದು ಫೆರಿಟಿನ್, ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕಕ್ಕೆ. ಇನ್ನೊಂದು ಗ್ಲೂಕೋಸ್ ಟಾಲರೆನ್ಸ್ ಟೆಸ್ಟ್. ಇದಕ್ಕೆ ಮೂರು ದಿನ ಎಂದಿನಂತೆ ಅನ್ನ, ಮುದ್ದೆ ತಿಂದಿರಬೇಕು, ಸುಮ್ನೆ ಪಥ್ಯ ಮಾಡಿದರೆ ಫಲಿತಾಂಶ ಕೆಡುತ್ತದೆ. ರಾತ್ರಿಯಿಡೀ ಖಾಲಿ ಹೊಟ್ಟೆ. ಬೆಳಿಗ್ಗೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರನ್ನು ಐದು ನಿಮಿಷದೊಳಗೆ ಕುಡಿದು, ಓಡಾಡದೆ ಕೂತಿದ್ದು, ಎರಡು ಗಂಟೆಗೆ ಮತ್ತೆ ರಕ್ತ ಕೊಡಬೇಕು. ಕ್ಯಾಂಟೀನಿನಲ್ಲಿ ಇಡ್ಲಿ ತಿಂದು ಬಂದು ಕೊಡುವ 'ಊಟದ ನಂತರದ ಶುಗರ್' ಇದಲ್ಲ. ಇಡ್ಲಿ ಎರಡೋ ನಾಲ್ಕೋ, ಯಾರಿಗೆ ಗೊತ್ತು?

ಎರಡು ಗಂಟೆಯ ಸಂಖ್ಯೆ 140ಕ್ಕಿಂತ ಕಡಿಮೆಯಿದ್ದು ಫೆರಿಟಿನ್ ಕೂಡ ತೀರಾ ಕಡಿಮೆ ಬಂದರೆ, 6.1ರ ಮೇಲೆ ಅನುಮಾನ ಪಡಲು ಕಾರಣವಿದೆ. ಆಗ ಕಬ್ಬಿಣ ಯಾಕೆ ಕಡಿಮೆಯಾಯ್ತು ಅಂತ ಹುಡುಕಿ, ಅದನ್ನು ಸರಿಪಡಿಸಿ, ಹೊಸ ಕಣಗಳು ತುಂಬಿಕೊಂಡ ಮೇಲೆ ಎಚ್‌ಬಿಎ1ಸಿಯನ್ನು ಮತ್ತೆ ನೋಡುತ್ತಾರೆ. 140ರಿಂದ 199 ಬಂದರೆ ಬಾರ್ಡರ್‌ಲೈನ್ ನಿಜ. ಆಗ ಬಿಪಿ, ಕೊಲೆಸ್ಟ್ರಾಲ್ ಕೂಡ ನೋಡಿ, ವರ್ಷಕ್ಕೊಮ್ಮೆಯಾದರೂ ಶುಗರ್ ಪರೀಕ್ಷೆ ಮಾಡಿಸಲು ಹೇಳುತ್ತಾರೆ. 200 ಅಥವಾ ಅದಕ್ಕಿಂತ ಹೆಚ್ಚು ಬಂದರೂ, ಅತಿ ದಾಹ, ಪದೇ ಪದೇ ಮೂತ್ರದಂಥ ಲಕ್ಷಣಗಳಿಲ್ಲದಿದ್ದರೆ, ಇನ್ನೊಂದು ದಿನ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಂಡೇ ಡಯಾಬಿಟಿಸ್ ಅನ್ನುತ್ತಾರೆ.