ಹಳ್ಳದ ಅಂಚಿಗೆ ಎಷ್ಟು ಮೀಟರ್ ಹುಲ್ಲು ಬೇಕು?

ಅಮೆರಿಕದ ಅಯೋವಾ ರಾಜ್ಯದ ಬೇರ್ ಕ್ರೀಕ್ ಹಳ್ಳದ ದಡದಲ್ಲಿ, ಮೆಕ್ಕೆಜೋಳ-ಸೋಯಾ ಹೊಲಗಳ ಕೆಳಗೆ, ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 1990ರಿಂದ ಹುಲ್ಲು, ಪೊದೆ, ಮರಗಳ ಪಟ್ಟಿ ಬೆಳೆಸುತ್ತಿದ್ದಾರೆ. ಅಲ್ಲಿ ಎರಡು ಬಗೆಯ ಪಟ್ಟಿಗಳನ್ನು ಹೋಲಿಸಿ ನೋಡಿದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಒಂದು, ಬರೀ ಸ್ವಿಚ್‌ಗ್ರಾಸ್ ಹುಲ್ಲಿನ ಸುಮಾರು 7 ಮೀಟರ್ ಪಟ್ಟಿ. ಇನ್ನೊಂದು, ಅದೇ ಹುಲ್ಲಿನ ಹಿಂದೆ ಪೊದೆ-ಮರಗಳನ್ನೂ ಸೇರಿಸಿದ ಸುಮಾರು 16 ಮೀಟರ್ ಪಟ್ಟಿ.

ಹೊಲದಿಂದ ಹರಿದು ಬಂದ ಮಣ್ಣಿನಲ್ಲಿ ಬರೀ ಹುಲ್ಲೇ ಶೇ. 95ರಷ್ಟನ್ನು ತಡೆಯಿತು. ಅಗಲ ದುಪ್ಪಟ್ಟಿಗಿಂತ ಹೆಚ್ಚಾದರೂ ಅದು ಶೇ. 97ಕ್ಕೆ ನಿಂತಿತು. ಆದರೆ ನೀರಿನಲ್ಲಿ ಕರಗಿದ ನೈಟ್ರೇಟ್ ತಡೆ ಶೇ. 62ರಿಂದ 85ಕ್ಕೂ, ಕರಗಿದ ಫಾಸ್ಫೇಟ್ ತಡೆ ಶೇ. 58ರಿಂದ 80ಕ್ಕೂ ಏರಿತು.

ಈ ವ್ಯತ್ಯಾಸಕ್ಕೆ ಕಾರಣ ಹುಲ್ಲಿನ ಬುಡದಲ್ಲೇ ಕಾಣುತ್ತದೆ. ಸ್ವಿಚ್‌ಗ್ರಾಸಿನ ಕಾಂಡ ಗಡಸು, ನೀರು ನುಗ್ಗಿದರೂ ಸುಲಭಕ್ಕೆ ಮಲಗುವುದಿಲ್ಲ. ಅದಕ್ಕೆ ತಾಗಿದ ನೀರು ಪಟ್ಟಿಯ ಮೇಲಂಚಿನಲ್ಲಿ ಮಡುಗಟ್ಟಿ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಮಣ್ಣಿಗೆ ಅಂಟಿಕೊಂಡ ರಂಜಕವೂ ಅದರ ಜೊತೆಗೇ ಉಳಿಯುತ್ತದೆ. ಕರಗಿದ್ದು ಮಾತ್ರ ಹೀಗೆ ತಳಕ್ಕೆ ಕೂರುವುದಿಲ್ಲ, ನೀರೇ ನೆಲಕ್ಕೆ ಇಂಗಬೇಕು. ಬೇರುಗಳು ಸಡಿಲಿಸಿದ ಮಣ್ಣು ಹೆಚ್ಚು ದೂರ ಸಿಕ್ಕಷ್ಟೂ ಇಂಗುವುದೂ ಹೆಚ್ಚು. 100 ಮೀಟರ್ ದಡಕ್ಕೆ ಬರೀ ಹುಲ್ಲಿನ ಪಟ್ಟಿ ಸುಮಾರು 7 ಗುಂಟೆ ಕೇಳಿದರೆ, ಅಗಲದ ಪಟ್ಟಿ 16 ಗುಂಟೆ ಕೇಳುತ್ತದೆ. ಕೊಚ್ಚಿಹೋಗುವ ಮಣ್ಣಷ್ಟೇ ಚಿಂತೆಯಾದರೆ 7 ಗುಂಟೆ ಸಾಕು ಎಂದೇ ನನ್ನ ಅಭಿಪ್ರಾಯ.

ಈ ಲೆಕ್ಕವೆಲ್ಲ ನೀರು ತೆಳುವಾಗಿ ಹರಡಿಕೊಂಡು ಬಂದಾಗಿನದು. ವರ್ಷಗಟ್ಟಲೆ ಮಣ್ಣು ಕೂತು ಮೇಲಂಚು ಸಣ್ಣ ಬದುವಿನಂತೆ ಏರಿದರೆ, ನೀರು ಅದರ ಗುಂಟ ಸಾಗಿ ತಗ್ಗು ಸಿಕ್ಕ ಒಂದೇ ಕಡೆ ಒಡೆದುಕೊಳ್ಳುತ್ತದೆ. ದೊಡ್ಡ ಮಳೆ ನಿಂತ ಮೇಲೆ ಪಟ್ಟಿಯುದ್ದಕ್ಕೂ ನಡೆದು ನೋಡಬೇಕು. ಒಂದು ಕಡೆ ಮಾತ್ರ ಹುಲ್ಲು ಹಳ್ಳದತ್ತ ಮಲಗಿ, ಕೊರಕಲು ಬಿದ್ದಿದ್ದರೆ ಉಳಿದ ಪಟ್ಟಿಗೆ ಕೆಲಸವೇ ಸಿಕ್ಕಿಲ್ಲ. ಕೂತ ಮಣ್ಣನ್ನು ಬಾಚಿ ಹೊಲಕ್ಕೆ ಹಾಕಿ, ಅಂಚನ್ನು ಮಟ್ಟ ಮಾಡಿ, ಕೊರಕಲಿಗೆ ಮತ್ತೆ ಹುಲ್ಲು ನೆಡಬೇಕು.

ಅಯೋವಾದಲ್ಲಿ ಇನ್ನೊಂದು ಕಳ್ಳದಾರಿಯಿದೆ. ಅಲ್ಲಿನ ಹೊಲಗಳ ಅಡಿಯಲ್ಲಿ ಬಸಿಗೊಳವೆಗಳಿದ್ದು, ನೈಟ್ರೇಟ್ ತುಂಬಿದ ನೀರು ಪಟ್ಟಿಯ ಕೆಳಗೇ ಹಾದು ನೇರ ಹಳ್ಳ ಸೇರುತ್ತದೆ. ಮೇಲೆ 50 ಮೀಟರ್ ಕಾಡು ಬೆಳೆಸಿದರೂ ಆ ನೀರಿಗೆ ಬೇರು ಸೋಕುವುದಿಲ್ಲ. ಅದಕ್ಕೇ 2010ರಲ್ಲಿ ಬೇರ್ ಕ್ರೀಕ್‌ನ ಒಂದು ಕೊಳವೆಗೆ ನಿಯಂತ್ರಣ ಪೆಟ್ಟಿಗೆ ಕೂರಿಸಿ, ಹಳ್ಳಕ್ಕೆ ಸಮಾನಾಂತರವಾಗಿ ತೂತಿನ ಕೊಳವೆ ಹೂತು, ನೀರನ್ನು ಪಟ್ಟಿಯ ಮಣ್ಣಿಗೇ ತಿರುಗಿಸಿದರು. ಅರ್ಧಕ್ಕಿಂತ ಹೆಚ್ಚು ನೀರು ಹಾಗೆ ತಿರುಗಿತು. ಗಾಳಿಯಾಡದ ಆ ಒದ್ದೆ ಮಣ್ಣಿನಲ್ಲಿ, ಬೇರು ಕೊಳೆತ ಇಂಗಾಲ ತಿಂದು ಬದುಕುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಹುಪಾಲು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ.