ದವಡೆ ಮೇಲಿನ ಹಾರ್ಮೋನ್ ಮೊಡವೆ: ರಿಪೋರ್ಟ್ ನಾರ್ಮಲ್ ಬಂದ್ರೂ ಯಾಕೆ ಹಾರ್ಮೋನಲ್ ಅಂತಾರೆ?

ಅಡಲ್ಟ್ ಫೀಮೇಲ್ ಆಕ್ನೆ ಓದುವಾಗ ನಮ್ ಬ್ಯಾಚ್‌ನಲ್ಲಿ ಜಾಸ್ತಿ ಜನ ಸಿಕ್ಕಾಕೊಳ್ಳೋದು ಒಂದೇ ಜಾಗದಲ್ಲಿ. ಪೇಷಂಟ್‌ಗೆ ಗದ್ದ, ದವಡೆ ಸಾಲು, ಕತ್ತಿನ ಮೇಲ್ಭಾಗ ಇಲ್ಲೆಲ್ಲ ನೋವಿರೋ ಗಂಟು ಮೊಡವೆ, ಪೀರಿಯಡ್ಸ್‌ಗೆ ಒಂದ್ ವಾರ ಮುಂಚೆ ಏಳುತ್ತೆ, ಆದ್ರೆ ಹಾರ್ಮೋನ್ ಟೆಸ್ಟ್ ಮಾಡ್ಸಿದ್ರೆ ಎಲ್ಲಾ ನಾರ್ಮಲ್. ಹಾಗಾದ್ರೆ ಇದು ಹಾರ್ಮೋನಲ್ ಅಲ್ವಾ? ಹೌದು, ಹಾರ್ಮೋನಲ್ಲೇ. ಇದೊಂದು ಅರ್ಥ ಆದ್ರೆ ಟ್ರೀಟ್‌ಮೆಂಟ್ ಎಲ್ಲಾ ತಾನಾಗೇ ಅರ್ಥ ಆಗುತ್ತೆ, ಅದಕ್ಕೆ ಇಲ್ಲಿಂದಾನೇ ಶುರು ಮಾಡ್ತೀನಿ.

ಹೆಂಗಸರ ದೇಹದಲ್ಲೂ ಆಂಡ್ರೋಜನ್, ಅಂದ್ರೆ ಟೆಸ್ಟೋಸ್ಟಿರಾನ್ ತರದ ಗಂಡು ಹಾರ್ಮೋನ್, ಇದ್ದೇ ಇರುತ್ತೆ, ಅಂಡಾಶಯದಿಂದ ಸ್ವಲ್ಪ, ಅಡ್ರಿನಲ್ ಗ್ರಂಥಿಯಿಂದ ಸ್ವಲ್ಪ. ಚರ್ಮದ ಎಣ್ಣೆ ಗ್ರಂಥಿ ಒಳಗೆ ಒಂದು ಎನ್‌ಜೈಮ್ ಇದೆ, 5-ಆಲ್ಫಾ ರಿಡಕ್ಟೇಸ್, ಅದು ಟೆಸ್ಟೋಸ್ಟಿರಾನ್‌ನ ಇನ್ನೂ ಸ್ಟ್ರಾಂಗ್ ಆದ ಡಿಎಚ್‌ಟಿ ಮಾಡುತ್ತೆ, ಅದು ಗ್ರಂಥಿಯ ರಿಸೆಪ್ಟರ್‌ಗೆ ಕೂತ್ಕೊಂಡ್ರೆ ಎಣ್ಣೆ ಜಾಸ್ತಿ. ಅಂದ್ರೆ ಆಟ ನಡೆಯೋದು ಚರ್ಮದ ಒಳಗೆ, ರಕ್ತದಲ್ಲಿ ಅಳೆಯೋ ಲೆವೆಲ್ ಸರಿಯಾಗೇ ಇರಬಹುದು, ಗ್ರಂಥಿ ಮಾತ್ರ ಆ ನಾರ್ಮಲ್ ಲೆವೆಲ್‌ಗೇ ಅತಿಯಾಗಿ ರಿಯಾಕ್ಟ್ ಆಗ್ತಿರುತ್ತೆ. ಪೀರಿಯಡ್ಸ್ ಹತ್ರ ಬಂದಾಗ ಈಸ್ಟ್ರೋಜನ್ ಇಳಿಯುತ್ತಲ್ಲ, ಆಗ ಆಂಡ್ರೋಜನ್ ಕೈ ಮೇಲಾಗುತ್ತೆ, ಮೊಡವೆ ಏಳುತ್ತೆ.

ಎಲ್ಲರಿಗೂ ಬ್ಲಡ್ ಟೆಸ್ಟ್ ಬೇಕಿಲ್ಲ. ಪೀರಿಯಡ್ಸ್ 35 ದಿನಕ್ಕಿಂತ ತಡ ಆಗೋದು, ಗದ್ದ ಅಥವಾ ಎದೆ ಮೇಲೆ ದಪ್ಪ ಕೂದಲು, ತಲೆ ನಡುವೆ ಕೂದಲು ತೆಳ್ಳಗಾಗೋದು, ಇವುಗಳಲ್ಲಿ ಏನಾದ್ರೂ ಜೊತೆಗಿದ್ರೆ ಪಿಸಿಓಎಸ್, ಅಂದ್ರೆ ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ, ಇದ್ಯಾ ಅಂತ ನೋಡ್ಬೇಕು. ಧ್ವನಿ ಗಡುಸಾಗೋದು, ಕೆಲವೇ ತಿಂಗಳಲ್ಲಿ ಎಲ್ಲಾ ಜೋರಾಗಿ ಶುರುವಾಗೋದು ಇದ್ರೆ ತಡ ಮಾಡದೆ ಡಾಕ್ಟರ್ ಹತ್ರ ಹೋಗ್ಬೇಕು, ಅದು ಬೇರೆ ಲೆಕ್ಕ. ಟೆಸ್ಟ್ ಮಾಡ್ಸೋದಾದ್ರೆ ಸಾಮಾನ್ಯವಾಗಿ ಪೀರಿಯಡ್ಸ್ ಶುರುವಿನ ದಿನಗಳಲ್ಲಿ ಮಾಡ್ತಾರೆ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಅದನ್ನ ಮೊದ್ಲೇ ಹೇಳ್ಬೇಕು, ಯಾಕಂದ್ರೆ ಮಾತ್ರೆ ಇದ್ರೆ ಆಂಡ್ರೋಜನ್ ರಿಪೋರ್ಟ್ ಕಮ್ಮಿ ತೋರ್ಸುತ್ತೆ.

ಈಗ ಒಂದ್ ಕೇಸ್ ಕಲ್ಪಿಸ್ಕೊಳ್ಳೋಣ. ದಾವಣಗೆರೆ ಕಡೆ ಒಬ್ಬ ಟೀಚರ್, ವಯಸ್ಸು 31, ಸೈಕಲ್ 29 ದಿನ, ಕರೆಕ್ಟಾಗಿ ಆಗುತ್ತೆ. ಪ್ರತಿ ತಿಂಗಳು ದವಡೆ ಮೇಲೆ ನಾಲ್ಕೈದು ಒಳಗಿನ ಗಂಟು, ಹೋದ್ಮೇಲೂ ಕಪ್ಪು ಕಲೆ ತಿಂಗಳಾನುಗಟ್ಲೆ. ದಿನಕ್ಕೆ ಮೂರ್ ಸಲ ಸ್ಕ್ರಬ್ ಹಾಕಿ ಉಜ್ತಾರೆ, ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ಮಲಗ್ತಾರೆ, ಮೆಡಿಕಲ್ ಶಾಪ್‌ನವರು ಕೊಟ್ಟ "ಕಲೆ ಹೋಗೋ ಕ್ರೀಮ್" ಹಚ್ತಾರೆ. ಮುಂದಿನ ವರ್ಷ ಮಗು ಪ್ಲಾನ್ ಇದೆ.

ಮೊದಲು ಆ ಕ್ರೀಮ್ ಟ್ಯೂಬ್ ಹಿಂದೆ ತಿರುಗ್ಸಿ ಓದ್ಬೇಕು. ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತ ಇದ್ರೆ ಅದು ಸ್ಟೀರಾಯ್ಡ್. ಮೊದಲ ವಾರಗಳಲ್ಲಿ ಮುಖ ಬೆಳ್ಳಗೆ ನೀಟಾಗಿ ಕಾಣುತ್ತೆ, ಆಮೇಲೆ ಸಣ್ಣ ಸಣ್ಣ ಒಂದೇ ತರದ ಗುಳ್ಳೆ, ಕೆಂಪು, ಬಿಟ್ಟ ತಕ್ಷಣ ಉರಿ. ನಮ್ ಕಡೆ ಇದು ತುಂಬಾ ಆಗ್ತಿದೆ, ನನಗೆ ನಿಜಕ್ಕೂ ಬೇಜಾರಾಗೋ ವಿಷಯ, ಚೀಟಿ ಇಲ್ದೆ ಸಿಗುತ್ತೆ ಅನ್ನೋದೇ ತಪ್ಪು. ತುಂಬಾ ದಿನದಿಂದ ಹಚ್ತಿದ್ರೆ ಹೇಗೆ ಬಿಡ್ಬೇಕು ಅಂತ ಸ್ಕಿನ್ ಡಾಕ್ಟರ್ ಹತ್ರ ಕೇಳಿ ಬಿಡ್ಬೇಕು.

ಆಮೇಲೆ ರೂಟೀನ್ ಕಮ್ಮಿ ಮಾಡೋದು. ಸ್ಕ್ರಬ್ ಬೇಡ, ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್ ಸಾಕು, ಎಣ್ಣೆ ತಲೆಗೆ ಹಚ್ಚಲೇಬೇಕು ಅಂದ್ರೆ ಸ್ನಾನಕ್ಕೆ ಒಂದ್ ಗಂಟೆ ಮುಂಚೆ ಹಚ್ಚಿ ತೊಳ್ಕೊಳ್ಳೋದು, ರಾತ್ರಿಯೆಲ್ಲ ಕೆನ್ನೆಗೆ, ದಿಂಬಿಗೆ ಇಳಿಯೋ ಹಾಗೆ ಬೇಡ. ರಾತ್ರಿ ಅಡಾಪಲೀನ್ 0.1% ಜೆಲ್, ಪೂರ್ತಿ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು. ಇಲ್ಲಿ ಎಲ್ಲರೂ ಎಡವೋದು, ಮೊಡವೆ ಮೇಲೆ ಮಾತ್ರ ಚುಕ್ಕಿ ಇಡೋದು. ಅಡಾಪಲೀನ್ ಕೆಲಸ ಏನಂದ್ರೆ ರಂಧ್ರ ಮುಚ್ಕೊಳ್ಳದ ಹಾಗೆ ನೋಡ್ಕೊಳ್ಳೋದು, ಮುಂದಿನ ತಿಂಗಳ ಮೊಡವೆ ಎಲ್ಲಿ ಏಳುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ದವಡೆ ಪೂರ್ತಿ ತೆಳ್ಳಗೆ ಹಚ್ಬೇಕು. ಮೊದಲೆರಡು ವಾರ ಮೂರು ದಿನಕ್ಕೊಂದ್ ಸಲ, ಮುಖ ಒಣಗಿದ ಮೇಲೆ, ಉರಿಯಾದ್ರೆ ಕೆಳಗೊಂದು ಮೇಲೊಂದು ಪದರ ಮಾಯಿಶ್ಚರೈಸರ್, ಆಮೇಲೆ ನಿಧಾನವಾಗಿ ದಿನಾ. ಬೆಳಿಗ್ಗೆ ಸನ್‌ಸ್ಕ್ರೀನ್ ಬೇಕೇ ಬೇಕು, ಇಲ್ದಿದ್ರೆ ಕಲೆ ಇನ್ನೂ ಕಪ್ಪಾಗುತ್ತೆ. ಜೆಲ್ ಹಚ್ಚೋ ದಿನಗಳಲ್ಲಿ ಗದ್ದಕ್ಕೆ ವ್ಯಾಕ್ಸ್ ಮಾಡ್ಸಬಾರ್ದು, ಚರ್ಮ ಕಿತ್ತು ಬರುತ್ತೆ, ಪಾರ್ಲರ್‌ನಲ್ಲಿ ಮೊದ್ಲೇ ಹೇಳ್ಬೇಕು.

ಬೆಳಿಗ್ಗೆಗೆ ಬೆನ್‌ಜೋಯ್ಲ್ ಪೆರಾಕ್ಸೈಡ್ 2.5% ಸೇರ್ಸಬಹುದು, ದುಪಟ್ಟಾ ಟವೆಲ್‌ಗೆ ತಾಗಿದ್ರೆ ಬಣ್ಣ ಹೋಗುತ್ತೆ ಅಂತ ನೆನಪಿರ್ಲಿ. ಎರಡೂ ಸರಿ ಬರಲ್ಲ ಅನ್ನೋರಿಗೆ ಅಜೆಲಾಯಿಕ್ ಆ್ಯಸಿಡ್ 15 ಅಥವಾ 20% ಒಳ್ಳೇದು, ಕಲೆಗೂ ಕೆಲಸ ಮಾಡುತ್ತೆ.

ತೂಗಿ ನೋಡೋದು 12 ವಾರಕ್ಕೆ, ಮೂರು ಸೈಕಲ್ ಕಳೀಬೇಕು. ಎರಡನೇ ವಾರಕ್ಕೆ ಸಿಪ್ಪೆ ಏಳೋದು ನೋಡಿ ಬಿಟ್ಟುಬಿಡೋರೇ ಜಾಸ್ತಿ. ನಮ್ ಟೀಚರ್‌ಗೆ 12 ವಾರಕ್ಕೆ ಸಣ್ಣ ಗುಳ್ಳೆ ಎಲ್ಲ ಕಮ್ಮಿ ಆಗಿದೆ ಅಂತಿಟ್ಕೊಳ್ಳಿ, ಆದ್ರೆ ಪೀರಿಯಡ್ಸ್ ಮುಂಚಿನ ಆ ಆಳದ ಗಂಟು ಹಾಗೇ ಇದೆ. ಮೇಲಿಂದ ಹಚ್ಚೋದು ಅಷ್ಟು ಆಳಕ್ಕೆ ಹೋಗೋದು ಕಷ್ಟ, ಇಲ್ಲಿ ಒಳಗಿಂದ ಕೊಡೋ ಮಾತ್ರೆ ಬಗ್ಗೆ ಡಾಕ್ಟರ್ ಹತ್ರ ಮಾತಾಡೋ ಸಮಯ.

ಮೊದಲನೇದು ಕಂಬೈನ್ಡ್, ಅಂದ್ರೆ ಈಸ್ಟ್ರೋಜನ್ ಪ್ರೊಜೆಸ್ಟಿನ್ ಎರಡೂ ಹಾರ್ಮೋನ್ ಇರೋ ಗರ್ಭನಿರೋಧಕ ಮಾತ್ರೆ. ಈಸ್ಟ್ರೋಜನ್ ಲಿವರ್‌ನಲ್ಲಿ ಎಸ್‌ಎಚ್‌ಬಿಜಿ ಅನ್ನೋ ಪ್ರೋಟೀನ್ ಜಾಸ್ತಿ ಮಾಡುತ್ತೆ, ಅದು ಟೆಸ್ಟೋಸ್ಟಿರಾನ್‌ನ ಹಿಡ್ಕೊಂಡು ಕೂರುತ್ತೆ, ಗ್ರಂಥಿಗೆ ಸಿಗೋದು ಕಮ್ಮಿ. ರಕ್ತ ಹೆಪ್ಪುಗಟ್ಟಿದ ಹಿಸ್ಟರಿ, ಔರಾ ಇರೋ ಮೈಗ್ರೇನ್ ಅಂದ್ರೆ ತಲೆನೋವಿಗೆ ಮುಂಚೆ ಕಣ್ಣಿಗೆ ಮಿಂಚು ಕಾಣೋ ತರದ್ದು, ಬಿಪಿ ಜಾಸ್ತಿ, 35 ದಾಟಿ ಸಿಗರೇಟ್ ಸೇದೋರು, ಇವರಿಗೆ ಇದು ಬೇಡ. ಪ್ರೊಜೆಸ್ಟಿನ್ ಮಾತ್ರ ಇರೋ ಮಾತ್ರೆಯಿಂದ ಕೆಲವರಿಗೆ ಮೊಡವೆ ಜಾಸ್ತೀನೂ ಆಗುತ್ತೆ, ಹೊಸದಾಗಿ ಶುರು ಮಾಡಿದ್ರೆ ಹೇಳ್ಬೇಕು.

ಎರಡನೇದು ಸ್ಪೈರೊನೊಲ್ಯಾಕ್ಟೋನ್. ಇದು ಮೂಲತಃ ಬಿಪಿ, ಊತಕ್ಕೆ ಕೊಡೋ ಔಷಧಿ, ಆಂಡ್ರೋಜನ್ ರಿಸೆಪ್ಟರ್ ಜಾಗದಲ್ಲಿ ತಾನೇ ಕೂತ್ಕೊಳ್ಳುತ್ತೆ, ಅಂದ್ರೆ ಮೇಲೆ ಹೇಳಿದ ಸಮಸ್ಯೆಯ ಬುಡಕ್ಕೇ ಹೋಗುತ್ತೆ. ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂನಿಂದ ಶುರು, 100 ತನಕ. 2023ರಲ್ಲಿ ಬಂದ ಬ್ರಿಟನ್‌ನ ಸಫಾ ಟ್ರಯಲ್‌ನಲ್ಲಿ 410 ಹೆಂಗಸರನ್ನ ನೋಡಿದ್ರು, 12 ವಾರಕ್ಕೆ ವ್ಯತ್ಯಾಸ ಸ್ವಲ್ಪ, 24 ವಾರಕ್ಕೆ ಎದ್ದು ಕಾಣೋಷ್ಟು. ಅದಕ್ಕೇ ಒಂದೂವರೆ ತಿಂಗಳಿಗೆ "ಕೆಲಸ ಮಾಡ್ಲಿಲ್ಲ" ಅನ್ನೋ ಹಾಗಿಲ್ಲ. ಪೀರಿಯಡ್ಸ್ ಏರುಪೇರು, ತಲೆಸುತ್ತು, ಸ್ತನ ನೋವು, ಪದೇ ಪದೇ ಮೂತ್ರ ಬರೋದು ಆಗಬಹುದು. ಪೊಟ್ಯಾಶಿಯಂ ಏರೋ ಭಯ ಕಿಡ್ನಿ ತೊಂದರೆ ಇರೋರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳೋರಿಗೆ ಜಾಸ್ತಿ, ಆರೋಗ್ಯವಂತ ಯುವತಿಯರಲ್ಲಿ ಅಪರೂಪ.

ಈಗ ನಮ್ ಟೀಚರ್ ಕೇಸ್‌ಗೆ ಬಂದ್ರೆ ನಿರ್ಧಾರ ಮಾಡೋದು ಮಗು ಪ್ಲಾನ್. ಸ್ಪೈರೊನೊಲ್ಯಾಕ್ಟೋನ್ ಹೊಟ್ಟೆಯಲ್ಲಿರೋ ಗಂಡು ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಹುದು, ಹಾಗಾಗಿ ತಗೊಳ್ಳುವಾಗ ಗರ್ಭನಿರೋಧಕ ಬೇಕು, ಪ್ರಯತ್ನ ಶುರು ಮಾಡೋಕ್ಕೂ ಮುಂಚೆ ನಿಲ್ಲಿಸ್ಬೇಕು. ಮಾತ್ರೆ ಕೆಲಸ ಪೂರ್ತಿ ಕಾಣೋಕ್ಕೇ ಆರು ತಿಂಗಳು ಬೇಕಲ್ಲ, ಪ್ಲಾನ್ ಇನ್ನೂ ಒಂದ್ ವರ್ಷ ದೂರ ಇದ್ರೆ ಮಾತ್ರ ಅರ್ಥ ಇದೆ, ನಿಲ್ಲಿಸಿದ್ಮೇಲೆ ಮತ್ತೆ ಬರೋ ಸಾಧ್ಯತೆಯೂ ಇದೆ. ಪ್ಲಾನ್ ಮೂರ್ನಾಲ್ಕು ತಿಂಗಳಲ್ಲೇ ಅಂದ್ರೆ ಮಾತ್ರೆ ಬಿಟ್ಟು ಅಜೆಲಾಯಿಕ್ ಆ್ಯಸಿಡ್ ಮೇಲೆ ನಿಲ್ಲೋದೇ ನನಗೆ ಸರಿ ಕಾಣುತ್ತೆ, ಅದು ಗರ್ಭಿಣಿಯರಿಗೂ ಕೊಡ್ತಾರೆ, ಅಡಾಪಲೀನ್ ಕೂಡ ಆಗ ಬಿಡ್ಬೇಕು. ಗಂಟು ಕಲೆ ಗುಳಿ ಬೀಳ್ಸೋಕೆ ಶುರು ಮಾಡಿದ್ರೆ ಐಸೊಟ್ರೆಟಿನಾಯಿನ್ ಅನ್ನೋ ಸ್ಟ್ರಾಂಗ್ ಮೊಡವೆ ಮಾತ್ರೆ ಮಾತು ಬರುತ್ತೆ. ಅದ್ರಲ್ಲಿ ಗರ್ಭ ಧರಿಸೋದು ಪೂರ್ತಿ ನಿಷಿದ್ಧ, ಕೊನೇ ಮಾತ್ರೆ ಆದ್ಮೇಲೂ ಒಂದು ತಿಂಗಳು ಕಾಯ್ಬೇಕು.

ಹಾಗಾಗಿ ಅವರು ಡಾಕ್ಟರ್ ಹತ್ರ ಹೋಗುವಾಗ ಕೈಯಲ್ಲಿರ್ಬೇಕಾದ್ದು ಮೂರು ತಿಂಗಳ ಪೀರಿಯಡ್ಸ್ ದಿನಾಂಕ, ಯಾವ ದಿನ ಗಂಟು ಎದ್ದಿತು ಅನ್ನೋ ಗುರುತು, ಹಚ್ಚಿದ ಎಲ್ಲಾ ಟ್ಯೂಬ್‌ಗಳು, ಮತ್ತೆ ಮಗು ಯಾವಾಗ ಬೇಕು ಅನ್ನೋ ಉತ್ತರ, ಡಾಕ್ಟರ್ ಕೇಳದೇ ಇದ್ರೂ ತಾವೇ ಹೇಳೋ ಹಾಗೆ.