ಒಂದು ಕರಿಬೇವಿನ ಗಿಡಕ್ಕೆ ಎಷ್ಟು ವಿಡಿಯೊ?

ನಮ್ಮ ಅತ್ತಿಗೆ ಮೈಸೂರಿನ ಮನೆಯ ತಾರಸಿಯಲ್ಲಿ ಗಿಡ ಬೆಳೆಸುತ್ತಾರೆ, ಅದರ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುತ್ತಾರೆ. ಕರಿಬೇವಿನ ಬಗ್ಗೆ ಅವರದ್ದು 14 ನಿಮಿಷದ ಒಂದು ವಿಡಿಯೊ ಇತ್ತು. ಮಣ್ಣು, ಕುಂಡ, ಗೊಬ್ಬರ, ಹುಳ, ಹಳದಿ ಎಲೆ, ಎಲ್ಲವೂ ಅದರೊಳಗೇ. ಒಂದು ದಿನ ಆ ವಿಡಿಯೊದ ಯಾವ ಯಾವ ನಿಮಿಷವನ್ನು ಎಷ್ಟು ಜನ ನೋಡಿದ್ದಾರೆ ಎಂದು ತೋರಿಸುವ ಗೆರೆಯನ್ನು ನನಗೆ ತೋರಿಸಿದರು. ಮೊದಲ ಅರ್ಧ ನಿಮಿಷದಲ್ಲೇ ಗೆರೆ ಜಾರಿ ಕೆಳಗೆ ಬಿದ್ದಿತ್ತು. ಆಮೇಲೆ ಒಂಬತ್ತನೇ ನಿಮಿಷದ ಹತ್ತಿರ ಸಣ್ಣ ಗುಡ್ಡದ ಹಾಗೆ ಮತ್ತೆ ಮೇಲೆದ್ದಿತ್ತು. ಅಲ್ಲಿ ಏನಿದೆ ಅಂತ ನೋಡಿದರೆ ಹಳದಿ ಎಲೆ! ಎಲೆ ಯಾಕೆ ಹಳದಿಯಾಯಿತು ಎಂದು ಹುಡುಕಿ ಬಂದವರು ಮಣ್ಣು ಕಲಸುವುದನ್ನು ನೋಡುತ್ತಾ ಕೂರುವುದಿಲ್ಲ. ಕೆಲವರು ದಾಟಿಸಿಕೊಂಡು ಒಂಬತ್ತನೇ ನಿಮಿಷಕ್ಕೆ ಹೋಗಿದ್ದರು. ಜಾಸ್ತಿ ಜನ ಎದ್ದೇ ಹೋಗಿದ್ದರು.

"ಹಾಗಾದ್ರೆ ಇದನ್ನ ಎಷ್ಟು ವಿಡಿಯೊ ಮಾಡ್ಬೇಕಿತ್ತು?" ಎಂದು ಅತ್ತಿಗೆ ಕೇಳಿದರು. ಎರಡೇ, ಐದೇ, ಹನ್ನೆರಡೇ? ಇದಕ್ಕೆ ಊಹೆಯಿಂದ ಉತ್ತರ ಕೊಡಬೇಕಾಗಿಲ್ಲ. ಜನ ಹುಡುಕುವ ಮಾತುಗಳನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದು, ಒಂದೇ ಉತ್ತರ ಬೇಡುವ ಮಾತುಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿದರೆ, ಎಷ್ಟು ಗುಂಪು ಬರುತ್ತದೋ ಅಷ್ಟು ವಿಡಿಯೊ. ಕಷ್ಟ ಇರುವುದು "ಒಂದೇ ಉತ್ತರ ಬೇಡುವ" ಎಂಬಲ್ಲಿ.

ಮಾತುಗಳನ್ನು ಕಲೆಹಾಕುವುದು ಸುಲಭ. ಯೂಟ್ಯೂಬ್‌ನ ಹುಡುಕು ಪಟ್ಟಿಯಲ್ಲಿ ಕರಿಬೇವು ಎಂದು ಬರೆದು ಒಂದು ಜಾಗ ಬಿಟ್ಟರೆ ಕೆಳಗೆ ಸಲಹೆಗಳು ಬರುತ್ತವೆ. ಮುಂದೆ ಒಂದೊಂದೇ ಅಕ್ಷರ ಸೇರಿಸಿದ ಹಾಗೆ ಹೊಸಹೊಸ ಸಲಹೆ ಬರುತ್ತವೆ. ಇವು ಬೇರೆಯವರು ಹುಡುಕಿದ ಮಾತುಗಳ ಮೇಲೆ ನಿಂತಿರುವುದರಿಂದ ಜನರ ಬಾಯಿಮಾತೇ ಅಲ್ಲಿ ಸಿಗುತ್ತದೆ. ಇದನ್ನೇ ಇಂಗ್ಲಿಷ್ ಅಕ್ಷರದಲ್ಲೂ ಮಾಡಬೇಕು. ನಮ್ಮಲ್ಲಿ ತುಂಬಾ ಜನ `karibevu gida` ಎಂದೇ ಬರೆಯುತ್ತಾರೆ ಅಲ್ವಾ? ಇನ್ನು ಚಾನೆಲ್ ಹಳೆಯದಾಗಿದ್ದರೆ, ಜನ ಏನು ಹುಡುಕಿ ನಮ್ಮ ವಿಡಿಯೊಗೆ ಬಂದರು ಎಂಬ ಪಟ್ಟಿಯೂ ಅದರ ಲೆಕ್ಕದ ಪುಟದಲ್ಲಿ ಇರುತ್ತದೆ. ಹೀಗೆ ನಮಗೆ 60 ಮಾತು ಸಿಕ್ಕವು. ಒಂದು ಸಾಲಿಗೆ ಒಂದು ಮಾತು ಬರೆದೆವು.

ಇನ್ನು ಗುಂಪು ಮಾಡಬೇಕು. ಮೊದಲು ಹೊಳೆಯುವ ದಾರಿ, ಒಂದೇ ಪದ ಇರುವ ಮಾತುಗಳನ್ನು ಒಟ್ಟಿಗೆ ಇಡುವುದು. ಅದು ಬೇಗ ಕೈಕೊಡುತ್ತದೆ. "ಕರಿಬೇವಿನ ಎಲೆ ಹಳದಿ", "ಕರಿಬೇವಿನ ಎಲೆ ಒಣಗಿಸುವುದು" ಎಂಬ ಎರಡರಲ್ಲಿ ಮೂರಕ್ಕೆ ಎರಡು ಪದ ಒಂದೇ. ಆದರೆ ಒಂದು ಗಿಡದ ಕಾಯಿಲೆ, ಇನ್ನೊಂದು ಅಡುಗೆಮನೆಯ ಕೆಲಸ. ಅದೇ "ಕರಿಬೇವು ಚಿಗುರಲು ಏನು ಮಾಡಬೇಕು", `curry leaf plant bushy kannada` ಎಂಬ ಎರಡರಲ್ಲಿ ಒಂದು ಪದವೂ ಸೇರುವುದಿಲ್ಲ, ಆದರೂ ಕೇಳುತ್ತಿರುವುದು ಒಂದನ್ನೇ. ಕನ್ನಡಕ್ಕೆ ಇನ್ನೊಂದು ತೊಡಕಿದೆ. ಗಿಡ, ಗಿಡಕ್ಕೆ, ಗಿಡದಲ್ಲಿ ಎಂಬುವು ನಮಗೆ ಒಂದೇ ಪದ, ಶೀಟ್‌ಗೆ ಮೂರು ಬೇರೆ ಪದ.

ಹಾಗಾಗಿ ಪದಗಳನ್ನು ಬಿಟ್ಟು, ಆ ಮಾತಿಗೆ ಯೂಟ್ಯೂಬ್ ಏನು ತೋರಿಸುತ್ತದೆ ಎಂದು ನೋಡಬೇಕು. ಎರಡು ಮಾತಿಗೆ ಹೆಚ್ಚುಕಡಿಮೆ ಅದೇ ವಿಡಿಯೊಗಳು ಬರುತ್ತಿದ್ದರೆ, ಎರಡನ್ನೂ ಹುಡುಕಿದವರು ಅದೇ ವಿಡಿಯೊಗಳನ್ನು ಒತ್ತಿದ್ದಾರೆ, ಕೂತು ನೋಡಿದ್ದಾರೆ ಎನ್ನುವುದಕ್ಕೆ ಅದೊಂದು ಸುಳಿವು.

ಈ ಉಪಾಯದ ಬೇರು ಇರುವುದು ಹೂಗಳಲ್ಲಿ. ಸ್ವಿಟ್ಜರ್ಲೆಂಡ್‌ನ ಸಸ್ಯವಿಜ್ಞಾನಿ ಪಾಲ್ ಜಕಾರ್ ಆಲ್ಪ್ಸ್ ಬೆಟ್ಟಗಳಲ್ಲಿ ಬೇರೆ ಬೇರೆ ಜಾಗದ ಗಿಡಗಳ ಪಟ್ಟಿ ಮಾಡುತ್ತಿದ್ದರು. ಎರಡು ಜಾಗಗಳ ಸಸ್ಯಸಂಪತ್ತು ಎಷ್ಟರಮಟ್ಟಿಗೆ ಒಂದೇ ಎಂದು ಹೇಳಲು ಅವರು 1901ರಲ್ಲಿ ಒಂದು ಸರಳ ಅಳತೆ ಬಳಸಿದರು. ಎರಡೂ ಕಡೆ ಇರುವ ಜಾತಿಗಳನ್ನು ಎಣಿಸಿ. ಅದನ್ನು ಎರಡೂ ಕಡೆ ಸೇರಿ ಒಟ್ಟು ಇರುವ ಜಾತಿಗಳಿಂದ ಭಾಗಿಸಿ. ಎಲ್ಲವೂ ಒಂದೇ ಆದರೆ 1 ಬರುತ್ತದೆ, ಒಂದೂ ಸೇರದಿದ್ದರೆ 0. ಬೆಟ್ಟದ ಜಾಗದ ಬದಲು ಹುಡುಕುವ ಮಾತು, ಹೂವಿನ ಬದಲು ವಿಡಿಯೊ ಇಟ್ಟುಕೊಂಡರೆ ನಮ್ಮ ಕೆಲಸಕ್ಕೂ ಅದೇ ಅಳತೆ ಸಾಕು.

ಮಾಡುವುದು ಹೀಗೆ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಬೇಕು, ಇಲ್ಲದಿದ್ದರೆ ನಾವು ಹಿಂದೆ ನೋಡಿದ್ದೇ ನುಸುಳುತ್ತದೆ. ಒಂದು ಮಾತು ಹುಡುಕಿ, ಜಾಹೀರಾತು ಮತ್ತು ಶಾರ್ಟ್ಸ್ ಬಿಟ್ಟು, ಮೊದಲ 10 ವಿಡಿಯೊಗಳ ಲಿಂಕ್ ಒಂದು ಕಾಲಮ್‌ನಲ್ಲಿ ಹಾಕಬೇಕು. ಪೂರ್ತಿ ಲಿಂಕ್‌ಗಳನ್ನು ಹಾಗೇ ಹೋಲಿಸಬಾರದು. ಹುಡುಕಿ ತೆಗೆದ ಲಿಂಕ್‌ನ ಬಾಲದಲ್ಲಿ `&pp=` ಎಂದು ಏನೇನೋ ಸೇರಿರುತ್ತದೆ, ಆಗ ಅದೇ ವಿಡಿಯೊ ಎರಡು ಬೇರೆ ವಿಡಿಯೊದ ಹಾಗೆ ಕಾಣುತ್ತದೆ. `v=` ಆದಮೇಲಿನ 11 ಅಕ್ಷರವೇ ವಿಡಿಯೊದ ನಿಜವಾದ ಗುರುತು. ಮೊದಲ ಸೂತ್ರ ಅದನ್ನು ಕತ್ತರಿಸಿ ಕೊಡುತ್ತದೆ. ಕತ್ತರಿಸಿದ ಎರಡು ಕಾಲಮ್‌ಗಳಲ್ಲಿ ಎಷ್ಟು ವಿಡಿಯೊ ಎರಡೂ ಕಡೆ ಇವೆ ಎಂದು ಎರಡನೆಯದು ಎಣಿಸುತ್ತದೆ.

```
=MID(A2, FIND("v=",A2)+2, 11)
=SUMPRODUCT(COUNTIF(B2:B11, C2:C11))
```

ಒಂದು ಲೆಕ್ಕ ನೋಡೋಣ. ಎರಡೂ ಕಡೆ ಇರುವುದು 4 ವಿಡಿಯೊ ಎಂದುಕೊಳ್ಳಿ. ಒಟ್ಟು ಬೇರೆ ಬೇರೆ ವಿಡಿಯೊಗಳು 10 ಕೂಡು 10, ಅದರಲ್ಲಿ ಎರಡು ಸಲ ಎಣಿಸಿದ 4 ಕಳೆದರೆ 16. ಜಕಾರ್ ಅಳತೆ 4/16, ಅಂದರೆ 0.25. ಅದೇ 7 ವಿಡಿಯೊ ಸೇರಿದರೆ 7/13, ಸುಮಾರು 0.54. ನಮ್ಮ ಪಟ್ಟಿಗಳೆಲ್ಲ ಹತ್ತರವೇ ಆದ್ದರಿಂದ ಭಾಗಾಕಾರ ಮಾಡದೆ "ಹತ್ತರಲ್ಲಿ ಎಷ್ಟು" ಎಂದು ನೋಡಿದರೂ ಸಾಕು. ನಾವು ನಾಲ್ಕನ್ನು ಗೆರೆಯಾಗಿ ಇಟ್ಟುಕೊಂಡೆವು, ಅಷ್ಟಾದರೂ ಸೇರಿದರೆ ಎರಡು ಮಾತೂ ಒಂದೇ ಗುಂಪು. ನಾಲ್ಕೇ ಸರಿ ಎಂಬ ನಿಯಮ ಏನಿಲ್ಲ. ಮೂರಕ್ಕೆ ಇಳಿಸಿದರೆ ಹುಳವೂ ಗೊಬ್ಬರವೂ ಕಲೆಯುತ್ತಿದ್ದವು. ಆರಕ್ಕೆ ಏರಿಸಿದರೆ ಪ್ರತಿ ಮಾತೂ ಒಂಟಿಯಾಗುತ್ತಿತ್ತು.

ಮೊದಲ ಸಲ ಗುಂಪು ಮಾಡಿದಾಗ 31 ಮಾತಿನ ಒಂದು ದೊಡ್ಡ ಗುಂಪು ಬಂತು. ಚಿಗುರಿನ ಮಾತೂ ಅದರಲ್ಲೇ, ಬಿಳಿ ಹುಳದ ಮಾತೂ ಅದರಲ್ಲೇ. ಏನೋ ತಪ್ಪಿದೆ ಅನಿಸಿತು. ಹಿಂದಕ್ಕೆ ಹುಡುಕುತ್ತಾ ಹೋದರೆ ಸಿಕ್ಕಿದ್ದು ಮಜ್ಜಿಗೆ. ಕರಿಬೇವು ಚೆನ್ನಾಗಿ ಚಿಗುರಲಿ ಎಂದು ಜನ ಬುಡಕ್ಕೆ ಮಜ್ಜಿಗೆ ಹಾಕುತ್ತಾರೆ. ಹುಳ ಬಂದರೆ ಹುಳಿ ಮಜ್ಜಿಗೆಯನ್ನು ಎಲೆಗೆ ಸಿಂಪಡಿಸುತ್ತಾರೆ. ಹಾಗಾಗಿ "ಕರಿಬೇವಿಗೆ ಮಜ್ಜಿಗೆ" ಎಂಬ ಮಾತಿನ ಫಲಿತಾಂಶ ಚಿಗುರಿನ ಜೊತೆಗೂ ಐದು ಸೇರಿತ್ತು, ಹುಳದ ಜೊತೆಗೂ ನಾಲ್ಕು ಸೇರಿತ್ತು. ಚಿಗುರಿಗೂ ಹುಳಕ್ಕೂ ನೇರವಾಗಿ ಸೇರಿದ್ದು ಒಂದೇ ಒಂದು. ಒಬ್ಬನ ಕೈ ಇನ್ನೊಬ್ಬ ಹಿಡಿದು, ಅವನ ಕೈ ಮತ್ತೊಬ್ಬ ಹಿಡಿದು ಸಾಲು ಬೆಳೆದ ಹಾಗೆ ಗುಂಪು ಬೆಳೆದಿತ್ತು. ಗುಂಪು ಕಟ್ಟುವ ಗಣಿತದಲ್ಲಿ ಇದು ಹಳೆಯ ಕಾಟ, ಸರಪಳಿ ದೋಷ ಎನ್ನಬಹುದು.

ಮದ್ದು ಸುಲಭದ್ದು. ಪ್ರತಿ ಗುಂಪಿಗೆ ಒಂದು ಮುಖ್ಯ ಮಾತು ಇರಬೇಕು, ಉಳಿದ ಎಲ್ಲ ಮಾತನ್ನು ಅದರ ಜೊತೆಗೆ ಮಾತ್ರ ಹೋಲಿಸಬೇಕು. ಪಕ್ಕದ ಮಾತಿಗೆ ಹತ್ತಿರ ಎಂದು ಯಾರನ್ನೂ ಒಳಗೆ ಬಿಡಬಾರದು. ಇದರಿಂದ ಕೆಲಸವೂ ಕಡಿಮೆಯಾಗುತ್ತದೆ. 60 ಮಾತುಗಳಲ್ಲಿ ಎಲ್ಲ ಜೋಡಿ ಹೋಲಿಸಿದರೆ 1,770 ಜೋಡಿ. 7 ಮುಖ್ಯ ಮಾತಿಗೆ ಮಾತ್ರ ಹೋಲಿಸಿದರೆ 400ರ ಒಳಗೆ ಮುಗಿಯುತ್ತದೆ. ಮುಖ್ಯ ಮಾತನ್ನು ಆರಿಸಲು ನಾವು ಸಲಹೆಗಳ ಪಟ್ಟಿಯಲ್ಲಿ ಬೇಗ ಕಾಣಿಸುವುದನ್ನು ತೆಗೆದುಕೊಂಡೆವು. ಎರಡು ಗುಂಪಿಗೆ ಸೇರಬಹುದಾದ ಮಾತು ಹೆಚ್ಚು ವಿಡಿಯೊ ಸೇರಿದ ಕಡೆಗೆ ಹೋಗುತ್ತದೆ. ಮಜ್ಜಿಗೆ ಹೀಗೆ ಚಿಗುರಿನ ವಿಡಿಯೊಗೆ ಬಂತು.

ಇಷ್ಟು ಮಾಡಿದ ಮೇಲೂ ಒಂದು ವಿಷಯ ನನ್ನನ್ನು ಕಾಡುತ್ತಿತ್ತು. ಕನ್ನಡದಲ್ಲಿ ಈ ಕೆಲಸ ಮಾಡುವವರೆಲ್ಲ ಇದನ್ನು ಗಮನಿಸಲೇಬೇಕು. "ಕರಿಬೇವು ಎಲೆ ಹಳದಿ", "ಕರಿಬೇವು ಎಲೆ ಉದುರುವುದು" ಎಂಬ ಎರಡರಲ್ಲಿ ಆರು ವಿಡಿಯೊ ಒಂದೇ ಇದ್ದವು. ಶೀಟ್ ಪ್ರಕಾರ ಇವು ಒಂದೇ ಗುಂಪು. ಆದರೆ ಗಿಡ ಬೆಳೆಸಿದ ಅತ್ತಿಗೆ ಒಪ್ಪಲಿಲ್ಲ. "ಚಳಿಗಾಲದಲ್ಲಿ ಎಲೆ ಉದುರೋದು ಮಾಮೂಲು, ಅದಕ್ಕೆ ಸುಮ್ನೆ ನೀರು ಕಡಿಮೆ ಮಾಡಿ ಕಾಯ್ಬೇಕು. ಹಳದಿ ಬೇರೇನೇ" ಎಂದರು. ಕುಂಡದ ಹತ್ತಿರ ಕರೆದು ತೋರಿಸಿದರು. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಬುಡದ ಹಳೆ ಎಲೆ ಪೂರ್ತಿ ಹಳದಿಯಾಗುತ್ತಾ ಬಂದರೆ ಸಾರಜನಕ ಸಾಲದೇ ಇರಬಹುದು. ನೀರು ನಿಂತು ಬೇರು ಕೊಳೆತರೂ ಹಳದಿ ಬರುತ್ತದೆ.

ಹಾಗಾದರೆ ಆರು ವಿಡಿಯೊ ಯಾಕೆ ಸೇರಿದವು? ಒಂದೊಂದೇ ತೆರೆದು ನೋಡಿದೆವು. ಆರೂ ಅತ್ತಿಗೆಯ ಹಳೆ ವಿಡಿಯೊದಂಥವೇ, ಕರಿಬೇವಿನ ಸಂಪೂರ್ಣ ಮಾಹಿತಿ ಎನ್ನುವಂಥವು. ಎಲೆ ಉದುರುವುದರ ಬಗ್ಗೆಯೇ ಕನ್ನಡದಲ್ಲಿ ಯಾರೂ ಮಾಡದೇ ಇದ್ದರೆ ಯೂಟ್ಯೂಬ್ ಬೇರೇನು ತಾನೇ ತೋರಿಸೀತು? ಇರುವುದನ್ನೇ ಎರಡೂ ಮಾತಿಗೆ ಬಡಿಸುತ್ತದೆ. ಈ ಅಳತೆ ಜನ ಏನು ಕೇಳುತ್ತಿದ್ದಾರೆ ಎಂಬುದನ್ನು ನೇರವಾಗಿ ಅಳೆಯುವುದಿಲ್ಲ. ಇದುವರೆಗೆ ಏನೇನು ತಯಾರಾಗಿದೆ ಎಂಬುದನ್ನೂ ಸೇರಿಸಿ ಅಳೆಯುತ್ತದೆ. ವಿಡಿಯೊ ಕಡಿಮೆ ಇರುವ ಭಾಷೆಯಲ್ಲಿ ಬೇರೆ ಬೇರೆ ಪ್ರಶ್ನೆಗಳು ಸುಳ್ಳುಸುಳ್ಳೇ ಅಂಟಿಕೊಳ್ಳುತ್ತವೆ.

ಇದನ್ನು ಪರೀಕ್ಷಿಸಲು ಅದೇ ಎರಡು ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲಿ ಹುಡುಕಿದೆವು, `curry leaf plant yellow leaves`, `curry leaf plant dropping leaves in winter` ಎಂದು. ವಿಡಿಯೊ ಧಾರಾಳವಾಗಿರುವ ಅಲ್ಲಿ ಸೇರಿದ್ದು ಒಂದೇ. ಎರಡಕ್ಕೂ ಬೇರೆ ಬೇರೆ ವಿಡಿಯೊ ಇವೆ, ಜನ ಅವನ್ನು ಬೇರೆಬೇರೆಯಾಗೇ ನೋಡುತ್ತಿದ್ದಾರೆ. ಆಗ ಶೀಟ್‌ನಲ್ಲಿ ಆ ಗುಂಪನ್ನು ಎರಡಾಗಿ ಒಡೆದೆವು. ಆಮೇಲಿಂದ ಗೆರೆ ದಾಟಿದ ಪ್ರತಿ ಗುಂಪಿನಲ್ಲೂ ಸೇರಿದ ವಿಡಿಯೊಗಳ ಶೀರ್ಷಿಕೆ ಓದುವುದನ್ನು ರೂಢಿ ಮಾಡಿಕೊಂಡೆವು. ಆ ಶೀರ್ಷಿಕೆಗಳು ಎರಡು ಪ್ರಶ್ನೆಗಳಲ್ಲಿ ಯಾವುದಕ್ಕೂ ನೇರ ಉತ್ತರ ಕೊಡದಿದ್ದರೆ ಆ ಗುಂಪನ್ನು ನಂಬುವುದಿಲ್ಲ.

ತಿರುಗುಮುರುಗಿನ ತಪ್ಪೂ ಇದೆ. ಇಂಗ್ಲಿಷ್ ಅಕ್ಷರದ `karibevu gida chiguralu` ಮತ್ತು ಕನ್ನಡ ಅಕ್ಷರದ ಅದೇ ಮಾತಿಗೆ ಮೂರೇ ವಿಡಿಯೊ ಸೇರಿದವು. ಅಕ್ಷರ ಬೇರೆಯಾದ್ದಕ್ಕೆ ಎರಡು ವಿಡಿಯೊ ಮಾಡಬೇಕಿಲ್ಲ. ಜೋರಾಗಿ ಓದಿದರೆ ಎರಡೂ ಒಂದೇ ಮಾತು. ಅದನ್ನು ಕೈಯಿಂದಲೇ ಸೇರಿಸಿದೆವು. "ಬೇವಿನ ಸೊಪ್ಪು" ಎಂಬುದನ್ನು ಮಾತ್ರ ಹೊರಗಿಟ್ಟೆವು. ದಕ್ಷಿಣ ಕನ್ನಡದಲ್ಲಿ ಒಗ್ಗರಣೆಗೆ ಬೇವಿನ ಸೊಪ್ಪು ಎಂದರೆ ಕರಿಬೇವೇ. ಮೈಸೂರಿನಲ್ಲಿ ಅದು ಯುಗಾದಿಯ ಕಹಿಬೇವು. ಫಲಿತಾಂಶವೂ ಕಹಿಬೇವಿನದ್ದೇ ಬಂತು.

ಕೊನೆಗೆ ಏಳು ಗುಂಪು ಉಳಿದವು, ಏಳು ವಿಡಿಯೊ. ಮುಖ್ಯ ಮಾತು ಶೀರ್ಷಿಕೆಗೆ ಹೋಗುತ್ತದೆ. ಗುಂಪಿನ ಉಳಿದ ಮಾತುಗಳನ್ನು ಅತ್ತಿಗೆ ವಿಡಿಯೊದಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳ ಪಟ್ಟಿಯಾಗಿ ಬಳಸುತ್ತಾರೆ. ಶೀಟ್‌ಗೆ ತಿಂಗಳಿನ ಕಾಲಮ್ ಒಂದನ್ನೂ ಸೇರಿಸಿದರು. ಎಲೆ ಉದುರುವುದನ್ನು ಡಿಸೆಂಬರ್‌ನಲ್ಲೇ ಚಿತ್ರೀಕರಿಸಬೇಕು, ತುದಿ ಚಿವುಟಿ ಚಿಗುರಿಸುವುದನ್ನು ಬಿಸಿಲು ಏರಿದ ಮೇಲೆ.

ಹಳದಿ ಎಲೆಯ ವಿಡಿಯೊ ಮೊದಲು ಹೋಯಿತು, ಐದು ನಿಮಿಷದ್ದು. ಹಸಿರು ನರದ ಹಳದಿ ಎಲೆಯೊಂದನ್ನು ಬೆರಳ ಮೇಲಿಟ್ಟು ಹತ್ತಿರದಿಂದ ತೋರಿಸುವುದರಿಂದಲೇ ಅದು ಶುರುವಾಗುತ್ತದೆ. ಮೊನ್ನೆ ಅದಕ್ಕೆ ಬಂದವರು ಏನು ಹುಡುಕಿದ್ದರು ಎಂದು ನೋಡಿದಾಗ "ಕರಿಬೇವು ಎಲೆ ಕಪ್ಪು ಚುಕ್ಕೆ" ಎಂಬ ಹೊಸ ಮಾತು ಸಿಕ್ಕಿತು. ಏಳು ಮುಖ್ಯ ಮಾತುಗಳಲ್ಲಿ ಯಾವುದರ ಜೊತೆಗೂ ಅದು ಎರಡಕ್ಕಿಂತ ಜಾಸ್ತಿ ಸೇರಲಿಲ್ಲ. ಅತ್ತಿಗೆ ಅದನ್ನು 61ನೇ ಸಾಲಿನಲ್ಲಿ ಬರೆದು, ವಿಡಿಯೊ ಕಾಲಮ್‌ನಲ್ಲಿ 8 ಎಂದು ಹಾಕಿದ್ದಾರೆ. ಚುಕ್ಕೆ ಬಿದ್ದ ಎಲೆಯನ್ನು ಪಕ್ಕದ ಮನೆಯ ಗಿಡದಲ್ಲಿ ಹುಡುಕುತ್ತಿದ್ದಾರೆ.